ಹಳೇ ದೋಸ್ತಗ ಏನಂತ ಬರೀಬೇಕು?

"ಹತ್ತು ವರ್ಷ ಅಮೆರಿಕಾದಾಗ ಇದ್ದು ಕಲಬುರಗಿಗೆ ವಾಪಸ್ ಬಂದೀನಿ. ಹಳೇ ದೋಸ್ತರು 'ನೀ ಮೊದಲಿನಂಗ ಇಲ್ಲ' ಅಂತಾರ. ಅವರಿಗೆ ಏನಂತ ಬರೀಲಿ?"

ಗ್ರೂಪಿಗೆ ಹಾಕಬೇಡಿ, ಒಬ್ಬೊಬ್ಬರಿಗೇ ಬರೆಯಿರಿ. ಒಬ್ಬನಿಗೆ ನೀವು ಮದುವೆಗೆ ಬರಲಿಲ್ಲ ಎಂಬ ಬೇಜಾರು, ಇನ್ನೊಬ್ಬನಿಗೆ ಊರಿಗೆ ಬಂದರೂ ಮನೆಗೆ ಬರಲಿಲ್ಲ ಎಂಬ ಸಿಟ್ಟು. ಬರೆಯುವ ಮುಂಚೆ ಅವನ ಜೊತೆಗಿನ ಹಳೆಯ ಚಾಟ್ ಮೇಲಕ್ಕೆ ಸರಿಸುತ್ತ ಹೋಗಿ. ಅವನು ದೊಡ್ಡ ಸುದ್ದಿ ಹೇಳಿದಾಗ ನೀವು ಬರೀ ಕೈಮುಗಿದ ಚಿತ್ರ ಕಳಿಸಿ ಸುಮ್ಮನಾದ ಜಾಗ ಸಿಗುತ್ತದೆ. ಅಲ್ಲಿಂದಲೇ ಶುರು ಮಾಡಬೇಕು.

ಒಂದು ಉದಾಹರಣೆ. ಗೆಳೆಯನದು ಸೂಪರ್ ಮಾರ್ಕೆಟ್ ಕಡೆ ಅಂಗಡಿ. ಅವನ ಅಪ್ಪ ತೀರಿಕೊಂಡಾಗ ನೀವು ಡಲ್ಲಾಸಿನಲ್ಲಿದ್ದಿರಿ, ಗ್ರೂಪಿನಲ್ಲಿ 'ಓಂ ಶಾಂತಿ' ಹಾಕಿದಿರಿ, ಫೋನ್ ಮಾಡಲಿಲ್ಲ. ಹೀಗೆ ಬರೆಯಬಹುದು:

"ಲೇ, ಕಾಕಾ ಹೋದಾಗ ನಾ ಫೋನ್ ಸೈತ ಮಾಡ್ಲಿಲ್ಲ. ಅದು ನಂದೇ ತಪ್ಪು. ಪರೀಕ್ಷಾ ಟೈಮಿನಾಗ ನಿಮ್ಮ ಮನ್ಯಾಗೇ ಉಣ್ತಿದ್ದೆ, ಕಾಕಾ ಕುಂದ್ರಿಸಿ ಉಣಸ್ತಿದ್ರು. ಅವ್ವಾರಿಗಿ ಮಾತಾಡ್ಸಲಾಕ ಐತವಾರ ಮುಂಜಾನೆ ಮನಿಗಿ ಬರ್ತೀನಿ. ನೀ ಇರ್ತಿಯಲ್ಲ?"

ಇಷ್ಟು ಸಾಕು. ಡಲ್ಲಾಸಿಗೂ ನಮಗೂ ಬೇಸಿಗೆಯಲ್ಲಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ ತಾಸಿನ ಅಂತರ. ಅವನು ರಾತ್ರಿ ಒಂಬತ್ತಕ್ಕೆ ಅಂಗಡಿ ಮುಚ್ಚುವಾಗ ನಿಮಗೆ ಆಫೀಸಿನ ಹೊತ್ತು. ಕಾರಣ ನಿಜವೇ, ಆದರೂ ಬರೆಯಬೇಡಿ. ಆ ಹತ್ತು ವರ್ಷದಲ್ಲಿ ಶನಿವಾರ, ರವಿವಾರಗಳೂ ಇದ್ದವು ಎಂದು ಅವನಿಗೆ ಗೊತ್ತು. 'ಒಂದಿನ ಸಿಗೋಣ' ಎಂದೂ ಬೇಡ, ವಾರ ಮತ್ತು ಹೊತ್ತು ಹೇಳಿ. ಭಾಷೆ ನೀವಿಬ್ಬರೂ ಆಡುತ್ತಿದ್ದದ್ದೇ ಇರಲಿ. ಲೇ ಎನ್ನುತ್ತಿದ್ದವನು 'ನೀವು ಹೇಗಿದ್ದೀರಿ' ಎಂದು ಬರೆದರೆ ಅವನ ಅನುಮಾನ ಗಟ್ಟಿಯಾಗುತ್ತದೆ.

ನೀಲಿ ಗುರುತು ಬಂದೂ ಉತ್ತರ ಬರದಿದ್ದರೆ ಎರಡನೇ ಮೆಸೇಜ್ ಕಳಿಸಬೇಡಿ. ಹೇಳಿದ ದಿನ ಹೋಗಿ. 'ಹೋಟೆಲಿನಾಗ ಸಿಗಮು' ಎಂದು ಅವನೇ ಅಂದರೂ ಮೊದಲ ಭೇಟಿ ಮನೆಯಲ್ಲೇ ಆಗಲಿ. ಸಾವಾದ ಮನೆಗೆ ಮಾತಾಡಿಸಲು ಹೋಗುವುದು ಎಷ್ಟೇ ತಡವಾದರೂ ನಡೆಯುತ್ತದೆ, ಆದರೆ ಅವತ್ತು ಚಾಕಲೇಟ್ ಡಬ್ಬಿ, ಸೆಂಟು ಒಯ್ಯಬಾರದು. ಮೊದಲು ತಾಯಿಯ ಹತ್ತಿರ ಕೂತು ಕೊನೆಯ ದಿನಗಳು ಹೇಗಿದ್ದವು ಎಂದು ಕೇಳಿ, ಅವರು ಹೇಳಿ ಮುಗಿಸುವ ತನಕ ಕೇಳಿ. ಗೆಳೆಯ ಬೈದರೆ ಬೈಸಿಕೊಳ್ಳಿ. ಬೈಯದೆ 'ಚಾ ತಗೋರಿ' ಎಂದು ಬಹುವಚನ ಹಚ್ಚಿದರೆ ಇನ್ನೂ ಸಿಟ್ಟಿದೆ ಎಂದರ್ಥ. ಮುಂದಿನ ವಾರ ಮತ್ತೆ ಹೋಗಿ.

ಎಳ್ಳಮಾಸಿಗೆ ಅವನು ಹೊಲಕ್ಕೆ ಕರೆದರೆ ತಪ್ಪಿಸಬೇಡಿ. ಭಜ್ಜಿ ಉಣ್ಣುವ ಹೊತ್ತಿಗೆ ಕಾರಿನಲ್ಲಿ ಇಳಿದರೆ ನೀವು ಬೀಗರ ಲೆಕ್ಕ. ಮುಂಜಾನೆಯೇ ಹೋಗಿ ಬುಟ್ಟಿ ಹೊರಿ, ಚರಗ ಚೆಲ್ಲುವಾಗ ಅವನ ಜೊತೆ ಹೊಲ ಸುತ್ತಿ.