ಚೆಕ್ ಬೌನ್ಸ್: ಎಣಿಕೆ ಯಾವತ್ತಿನಿಂದ ಶುರು?

ಸಿವಿಲ್ ಜಡ್ಜ್ ಪರೀಕ್ಷೆಗೆ ಓದುತ್ತಿರುವ ಮೂವರು ಜೂನಿಯರ್‌ಗಳು ನಮ್ಮ ಹಾಸನದ ಆಫೀಸಿನಲ್ಲಿದ್ದಾರೆ. ಸೆಕ್ಷನ್ ನಂಬರು ಕೇಳಿದರೆ ಮೂವರೂ ಗಡಗಡ ಹೇಳುತ್ತಾರೆ. ದಿನಾಂಕ ಕೊಟ್ಟು ಲೆಕ್ಕ ಹಾಕಿ ಎಂದಾಗ ಮಾತ್ರ ಬಂದದ್ದು ಮೂರು ಬೇರೆ ಬೇರೆ ಉತ್ತರ, ಮೂರೂ ತಪ್ಪು. ಪ್ರಶ್ನೆ ಕಷ್ಟದ್ದೇನೂ ಅಲ್ಲ, ದಿನಾ ಕೋರ್ಟಿನಲ್ಲಿ ಓಡಾಡುವ, ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ನಿನ ಚೆಕ್ ಬೌನ್ಸ್ ಫೈಲಿನಂಥದ್ದೇ.

ಪ್ರಶ್ನೆ ಹೀಗಿತ್ತು. ಸಕಲೇಶಪುರ ಕಡೆಯ ಶುಂಠಿ ಬೆಳೆಗಾರರೊಬ್ಬರಿಗೆ ವ್ಯಾಪಾರಿಯೊಬ್ಬ 2025ರ ಜನವರಿ 20ರ ತಾರೀಖಿನ ಚೆಕ್ ಕೊಟ್ಟಿದ್ದಾನೆ. ಬೆಳೆಗಾರರ ಖಾತೆ ಹಾಸನದ ಬ್ಯಾಂಕಿನಲ್ಲಿದೆ. ಖಾತೆಯಲ್ಲಿ ಹಣ ಸಾಲದೆಂದು ಚೆಕ್ ವಾಪಸಾಯಿತು, ಮೆಮೊದ ತಾರೀಖು ಜನವರಿ 28. ಬೆಳೆಗಾರರು ಬ್ಯಾಂಕಿಗೆ ಬಂದು ಮೆಮೊ ಕೈಗೆ ತೆಗೆದುಕೊಂಡದ್ದು ಜನವರಿ 31, ಶುಕ್ರವಾರ. ವಕೀಲರ ನೋಟಿಸ್ ಅಂಚೆಗೆ ಹೋದದ್ದು ಫೆಬ್ರವರಿ 27. ವ್ಯಾಪಾರಿ ಅದನ್ನು ಸಹಿ ಹಾಕಿ ತೆಗೆದುಕೊಂಡದ್ದು ಮಾರ್ಚ್ 4. ಹಣ ಬಂದಿಲ್ಲ. ನೋಟಿಸ್ ಅವಧಿಯೊಳಗೆ ಹೋಗಿದೆಯೇ? ದೂರು ಕೊಡಲು ಕೊನೆಯ ದಿನ ಯಾವುದು?

ಕೊನೆಯ ದಿನಕ್ಕೆ ಬಂದ ಉತ್ತರಗಳು ಏಪ್ರಿಲ್ 17, 18 ಮತ್ತು 19.

ಮೊದಲು ನೋಟಿಸ್. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಸಿಕ್ಕ ಮೇಲೆ 30 ದಿನದೊಳಗೆ ನೋಟಿಸ್ ಕೊಡಬೇಕು. (15 ದಿನ ಎಂದು ಅಚ್ಚಾದ ಹಳೇ ಗೈಡುಗಳು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ. 2002ರ ತಿದ್ದುಪಡಿಯಲ್ಲಿ ಅದು 30 ಆಯಿತು, ಆ ಗೈಡನ್ನು ದಯವಿಟ್ಟು ರದ್ದಿಗೆ ಹಾಕಿ.) ಎಣಿಕೆ ಶುರುವಾಗುವುದು ಮೆಮೊದ ಮೇಲಿನ ತಾರೀಖಿನಿಂದಲ್ಲ, ಮಾಹಿತಿ ಸಿಕ್ಕ ದಿನದಿಂದ. ಆ ದಿನವನ್ನು ಬಿಟ್ಟು ಮರುದಿನವನ್ನು ಒಂದು ಎಂದು ಎಣಿಸಬೇಕು. ಜನರಲ್ ಕ್ಲಾಸಸ್ ಕಾಯ್ದೆಯ 9ನೇ ಸೆಕ್ಷನ್ ಹೇಳುವುದೂ ಇದನ್ನೇ, ಲಿಮಿಟೇಶನ್ ಕಾಯ್ದೆಯ 12ನೇ ಸೆಕ್ಷನ್ ಹೇಳುವುದೂ ಇದನ್ನೇ.

ಜನವರಿ 31 ಬಿಟ್ಟರೆ ಫೆಬ್ರವರಿ 1 ಮೊದಲ ದಿನ. ಫೆಬ್ರವರಿ 28ಕ್ಕೆ 28 ದಿನ, ಮಾರ್ಚ್ 1ಕ್ಕೆ 29, ಮಾರ್ಚ್ 2ಕ್ಕೆ 30. “ಸರ್, ಮೂವತ್ತು ದಿನ ಅಂದ್ರೆ ಒಂದು ತಿಂಗಳೇ ಅಲ್ವಾ?” ಎಂದು ಒಬ್ಬ ಕೇಳಿದ. ಅಲ್ಲ. ಜನವರಿ 31ರಿಂದ ಒಂದು ತಿಂಗಳು ಎಂದರೆ ಫೆಬ್ರವರಿ 28ಕ್ಕೇ ಮುಗಿಯುತ್ತದೆ, 30 ದಿನ ಎಂದರೆ ಮಾರ್ಚ್ 2ರವರೆಗೆ ಇರುತ್ತದೆ. 31 ದಿನದ ತಿಂಗಳಲ್ಲಿ ಇದೇ ತಲೆಕೆಳಗಾಗಿ, ತಿಂಗಳು ಎಂದು ನಂಬಿ ಕೂತವರು ಒಂದು ದಿನ ತಡವಾಗುತ್ತಾರೆ. ಈ ಕಾಯ್ದೆಯಲ್ಲಿ ನೋಟಿಸಿಗೆ ದಿನದ ಲೆಕ್ಕ, ದೂರಿಗೆ ತಿಂಗಳ ಲೆಕ್ಕ. ಎರಡನ್ನೂ ಒಂದೇ ಕಡ್ಡಿಯಿಂದ ಅಳೆಯಲು ಬರುವುದಿಲ್ಲ.

ಆ ಮಾರ್ಚ್ 2 ಭಾನುವಾರ. ಕೊನೆಯ ದಿನ ರಜೆ ಬಂದರೆ ಮರುದಿನ ಮಾಡಬಹುದು ಎಂಬ ಸವಲತ್ತು ಕೋರ್ಟಿನಲ್ಲಿ ಅಥವಾ ಕಚೇರಿಯಲ್ಲಿ ಮಾಡಬೇಕಾದ ಕೆಲಸಕ್ಕೆ. ಖಾಸಗಿಯವರೊಬ್ಬರು ಇನ್ನೊಬ್ಬರಿಗೆ ಕಳಿಸುವ ನೋಟಿಸಿಗೆ ಅದನ್ನು ನೆಚ್ಚಿಕೊಂಡು ಕೂರಬೇಡಿ. ಶನಿವಾರ ಕೌಂಟರ್ ಮುಚ್ಚುವ ಮೊದಲು ರಸೀದಿ ಕೈಯಲ್ಲಿರಬೇಕು. ನೋಟಿಸ್ ಎದುರಾಳಿಯ ಕೈ ಸೇರುವುದು 30 ದಿನದ ನಂತರವಾದರೂ ತೊಂದರೆಯಿಲ್ಲ, ಅಂಚೆಗೆ ಹಾಕಿದ್ದು ಒಳಗಿರಬೇಕು, ಅಷ್ಟೇ.

ಇಷ್ಟು ಪರೀಕ್ಷೆಗೆ ಸಾಕು, ಆಫೀಸಿಗೆ ಸಾಲದು. ಮಾಹಿತಿ ಸಿಕ್ಕಿದ್ದು 31ಕ್ಕೆ ಎಂದು ದೂರಿನಲ್ಲಿ ಬರೆದರೆ ಪಾಟೀಸವಾಲಿನಲ್ಲಿ ಮೊದಲು ಬರುವ ಪ್ರಶ್ನೆಯೇ “ನಿಮ್ಮ ಮೊಬೈಲಿಗೆ ಬ್ಯಾಂಕಿನ ಮೆಸೇಜ್ ಬಂದಿತ್ತಲ್ಲವೇ?” ಎಂಬುದು. ಈಗ ಚೆಕ್ ವಾಪಸಾದ ದಿನವೇ ಮೆಸೇಜ್ ಬರುವುದು ಸಾಮಾನ್ಯ. ಪಾರ್ಟಿ ಮೆಮೊ ತಂದು ಮೇಜಿನ ಮೇಲಿಟ್ಟಾಗ ಅದರ ತಾರೀಖು ಮಾತ್ರ ನೋಡಬೇಡಿ, ಫೋನ್ ತೆಗೆಸಿ ಮೆಸೇಜ್ ನೋಡಿ. ಜನವರಿ 28ರಂದೇ ಮಾಹಿತಿ ಸಿಕ್ಕಿತ್ತು ಎಂದಾದರೆ 29 ಮೊದಲ ದಿನ, ಫೆಬ್ರವರಿ 27ಕ್ಕೆ 30 ಮುಗಿಯುತ್ತದೆ. ನಮ್ಮ ಪ್ರಶ್ನೆಯ ನೋಟಿಸ್ ಹೋದದ್ದು ಸರಿಯಾಗಿ 27ಕ್ಕೆ. ಯಾವ ಕಡೆಯಿಂದ ಎಣಿಸಿದರೂ ಒಳಗೇ ಇದೆ. 26ಕ್ಕೆ ಶಿವರಾತ್ರಿ ರಜೆ, ಹಬ್ಬ ಮುಗಿಸಿ ಒಂದು ದಿನ ಸುಧಾರಿಸಿಕೊಂಡು 28ಕ್ಕೆ ಕಳಿಸಿದ್ದರೆ ಮೆಸೇಜಿನ ಮೇಲೆ ಅರ್ಧ ಕೇಸು ವಾದವಾಗುತ್ತಿತ್ತು.

ನೋಟಿಸ್ ತಡವಾದರೆ ಅದನ್ನು ಮನ್ನಿಸುವ ಅಧಿಕಾರ ಕೋರ್ಟಿಗೆ ಇಲ್ಲ. ಉಳಿಯುವ ದಾರಿ ಒಂದೇ, ಚೆಕ್ಕಿಗೆ ಇನ್ನೂ ಮೂರು ತಿಂಗಳು ತುಂಬಿಲ್ಲದಿದ್ದರೆ ಮತ್ತೆ ಬ್ಯಾಂಕಿಗೆ ಹಾಕಿ, ಹೊಸ ಮೆಮೊ ಪಡೆದು, ಹೊಸದಾಗಿ ಎಣಿಸುವುದು. ಹಾಗೆ ಎರಡನೇ ಸಲ ಹಾಕಿ ಕೇಸು ಹೂಡಬಹುದು ಎಂದು ಎಂಎಸ್‌ಆರ್ ಲೆದರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಮೂವರೂ ಎಡವಿದ ಜಾಗ. ನೋಟಿಸ್ ಸಿಕ್ಕ ಮೇಲೆ ವ್ಯಾಪಾರಿಗೆ ಹಣ ಕಟ್ಟಲು 15 ದಿನ. ಮಾರ್ಚ್ 4 ಬಿಟ್ಟು 5ರಿಂದ ಎಣಿಸಿದರೆ 19ಕ್ಕೆ 15 ತುಂಬುತ್ತದೆ. 19ರ ದಿನ ಪೂರ್ತಿ ಅವನದು. ಆ ಸಂಜೆ ಹಣ ಹಾಕಿದರೂ ಅಪರಾಧವಿಲ್ಲ. ಹಾಗಾಗಿ ದೂರು ಕೊಡುವ ಹಕ್ಕು, ಅಂದರೆ ವ್ಯಾಜ್ಯಕಾರಣ, ಹುಟ್ಟುವುದು ಮಾರ್ಚ್ 20ಕ್ಕೆ. ಆ ದಿನದಿಂದ ಒಂದು ತಿಂಗಳೊಳಗೆ ದೂರು. ಇಲ್ಲಿ ಮತ್ತೆ ಮೊದಲ ದಿನ, ಅಂದರೆ 20, ಬಿಡಬೇಕು. ಮಾರ್ಚ್ 21ಕ್ಕೆ ಶುರುವಾದ ತಿಂಗಳು ಏಪ್ರಿಲ್ 20ಕ್ಕೆ ಮುಗಿಯುತ್ತದೆ.

19 ಎಂದವಳು 20ನ್ನು ಬಿಡುವುದು ಮರೆತಳು. 18 ಎಂದವನು 15 ಮತ್ತು 30 ಕೂಡಿಸಿ ಮಾರ್ಚ್ 4ರಿಂದ 45 ದಿನ ಎಣಿಸಿದ. 17 ಎಂದವನು ಅದೇ 45ನ್ನು ನೋಟಿಸ್ ಸಿಕ್ಕ ದಿನವನ್ನೂ ಸೇರಿಸಿ ಎಣಿಸಿದ. “ಬೇಗ ಹೇಳಿದ್ರೆ ನಷ್ಟ ಏನು ಸರ್?” ಎಂದು ವಾದಿಸಿದ್ದೂ ಅವನೇ. ನಷ್ಟ ಇದೆ. ನೋಟಿಸ್ ಸಿಕ್ಕ ದಿನವನ್ನೂ ಸೇರಿಸಿ ಎಣಿಸುವವನಿಗೆ ಮಾರ್ಚ್ 18ಕ್ಕೇ 15 ಮುಗಿದಂತೆ ಕಾಣುತ್ತದೆ, 19ರ ಬೆಳಿಗ್ಗೆ ದೂರು ಹಿಡಿದು ಫೈಲಿಂಗ್ ಕೌಂಟರಿಗೆ ಹೋಗುತ್ತಾನೆ. ಆ ದೂರು ದೂರೇ ಅಲ್ಲ. 15 ದಿನ ತುಂಬುವ ಮೊದಲು ಹಾಕಿದ ದೂರಿನ ಮೇಲೆ ಕೋರ್ಟು ಮುಂದುವರಿಯುವಂತಿಲ್ಲ ಎಂದು 2014ರ ಯೋಗೇಂದ್ರ ಪ್ರತಾಪ್ ಸಿಂಗ್ ತೀರ್ಪಿನಲ್ಲಿದೆ. ಹಾಗೆ ಮೊದಲೇ ಹಾಕಿದ ಕೇಸು ತೀರ್ಮಾನವಾದ ದಿನದಿಂದ ಒಂದು ತಿಂಗಳೊಳಗೆ ಹೊಸ ದೂರು ಹಾಕಲು ಅದೇ ತೀರ್ಪು ದಾರಿ ಬಿಟ್ಟಿದೆ, ನಿಜ. ಆದರೆ ವರ್ಷಗಟ್ಟಲೆ ಓಡಾಡಿದ ಪಾರ್ಟಿಗೆ ಮತ್ತೆ ಮೊದಲಿನಿಂದ ಎಂದು ಹೇಳುವವರು ಯಾರು?

ವ್ಯಾಜ್ಯಕಾರಣದ ದಿನವನ್ನು ಬಿಡಬೇಕೋ ಸೇರಿಸಬೇಕೋ ಎಂಬುದು ಸುಪ್ರೀಂ ಕೋರ್ಟಿನಲ್ಲೇ ಒಂದು ಕಾಲದಲ್ಲಿ ಎರಡು ಬಗೆಯಾಗಿತ್ತು. 1999ರ ಸಾಕೇತ್ ಇಂಡಿಯಾ ತೀರ್ಪಿನಲ್ಲಿ ನೋಟಿಸ್ ತಲುಪಿದ್ದು 1995ರ ಸೆಪ್ಟೆಂಬರ್ 29, ದೂರು ಕೊಟ್ಟದ್ದು ನವೆಂಬರ್ 15. 15 ದಿನ ಅಕ್ಟೋಬರ್ 14ಕ್ಕೆ ಮುಗಿಯಿತು, 15ಕ್ಕೆ ವ್ಯಾಜ್ಯಕಾರಣ, ಅದನ್ನು ಬಿಟ್ಟರೆ ನವೆಂಬರ್ 15 ಕೊನೆಯ ದಿನ, ದೂರು ಒಳಗಿದೆ ಎಂದರು. ಅದೇ ವರ್ಷ ಬೆಂಗಳೂರಿನ ರೇಷ್ಮೆ ರಫ್ತುದಾರರ ಕೇಸಿನಲ್ಲಿ, ಅಂದರೆ ಎಸ್‌ಐಎಲ್ ಇಂಪೋರ್ಟ್‌ನಲ್ಲಿ, ಬೇರೆ ರೀತಿ ಎಣಿಸಿದರು. 2013ರಲ್ಲಿ ಎಕಾನ್ ಆಂತ್ರಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಸಾಕೇತ್ ಸರಿ ಎಂದಿತು. ಪರೀಕ್ಷೆಯಲ್ಲಿ ದಿನಾಂಕಗಳನ್ನು ಕೊನೆಯ ದಿನಕ್ಕೇ ತಂದು ನಿಲ್ಲಿಸಿರುವುದು ಕಂಡರೆ ಪ್ರಶ್ನೆ ಈ ಒಂದು ದಿನದ ಮೇಲೆಯೇ ಕೂತಿದೆ ಎಂದುಕೊಳ್ಳಿ.

ಕೈಬೆರಳಿನ ಎಣಿಕೆ ನಂಬದವರು ಆಫೀಸಿನ ನೋಟಿಸ್ ರಿಜಿಸ್ಟರನ್ನು ಸ್ಪ್ರೆಡ್‌ಶೀಟಿನಲ್ಲಿ ಇಟ್ಟುಕೊಳ್ಳಬಹುದು. A2ರಲ್ಲಿ ಮಾಹಿತಿ ಸಿಕ್ಕ ದಿನ, B2ರಲ್ಲಿ ನೋಟಿಸ್ ತಲುಪಿದ ದಿನ ಹಾಕಿದರೆ ನೋಟಿಸಿನ ಕೊನೆಯ ದಿನ, ವ್ಯಾಜ್ಯಕಾರಣದ ದಿನ, ದೂರಿನ ಕೊನೆಯ ದಿನ ಈ ಕ್ರಮದಲ್ಲಿ ಬರುತ್ತವೆ:

```
=A2+30
=B2+16
=EDATE(B2+16,1)
```

ಕೂಡಿಸುವಾಗ ಮೊದಲ ದಿನ ತಾನಾಗಿಯೇ ಬಿಟ್ಟುಹೋಗುತ್ತದೆ. ಮೂರನೆಯದಕ್ಕೆ 30 ಕೂಡಿಸಿದರೆ ಮಾತ್ರ ಮತ್ತೆ ಹಳೇ ತಪ್ಪು, ಅದಕ್ಕೇ EDATE.

ಆದರೆ ಯಾವ ಸೂತ್ರವೂ B2ರಲ್ಲಿ ಏನು ಹಾಕಬೇಕೆಂದು ಹೇಳುವುದಿಲ್ಲ. ಸಹಿ ಹಾಕಿ ತೆಗೆದುಕೊಂಡಿದ್ದರೆ ಸರಿ. ಹೆಚ್ಚಿನವರು ತೆಗೆದುಕೊಳ್ಳುವುದೇ ಇಲ್ಲ. ಲಕೋಟೆ ಷರಾ ಹೊತ್ತು ವಾಪಸು ಬರುತ್ತದೆ: ಬಾಗಿಲು ಹಾಕಿದೆ, ಸೂಚನೆ ಕೊಟ್ಟಿದೆ, ಅನ್‌ಕ್ಲೇಮ್ಡ್. ಸರಿಯಾದ ವಿಳಾಸಕ್ಕೆ ಕಳಿಸಿದ್ದರೆ ತಲುಪಿದಂತೆಯೇ ಎಂಬುದರಲ್ಲಿ ತಕರಾರಿಲ್ಲ. ತಕರಾರು ಯಾವತ್ತು ತಲುಪಿತು ಎಂಬುದರಲ್ಲಿ. ಅನ್‌ಕ್ಲೇಮ್ಡ್ ಎಂದು ಹಿಂದಿರುಗಿದ ದಿನವನ್ನೇ ಆರಂಭವೆಂದು ಭಾಸ್ಕರನ್ ಪ್ರಕರಣದಲ್ಲಿ ಹಿಡಿದಿದ್ದಾರೆ. ಎದುರು ಪಕ್ಷದವರು ಮಾತ್ರ ಪೋಸ್ಟ್‌ಮ್ಯಾನ್ ಸೂಚನೆ ಕೊಟ್ಟ ದಿನವೇ ಎನ್ನುತ್ತಾರೆ, ತಮಗೆ ಅನುಕೂಲವಾದರೆ.

ಹೀಗಿದ್ದಾಗ ಒಂದೇ ಉತ್ತರ ಹುಡುಕುತ್ತ ಕೂರುವ ಬದಲು ಎರಡೂ ದಿನ ಹಿಡಿದು ಎಣಿಸಬೇಕು. ನಮ್ಮದೇ ಪ್ರಶ್ನೆಯಲ್ಲಿ ಮಾರ್ಚ್ 4ಕ್ಕೆ ಸೂಚನೆ ಕೊಟ್ಟು, 13ಕ್ಕೆ ಲಕೋಟೆ ಆಫೀಸಿಗೆ ಹಿಂದಿರುಗಿತು ಎಂದಿಟ್ಟುಕೊಳ್ಳಿ. ದೂರನ್ನು ಯಾವಾಗಿನಿಂದ ಹಾಕಬಹುದು ಎಂಬುದಕ್ಕೆ ತಡವಾದ ದಿನ ಹಿಡಿಯಿರಿ: 13 ಬಿಟ್ಟು 28ಕ್ಕೆ 15 ಮುಗಿಯುತ್ತದೆ, ಹಾಗಾಗಿ ಮಾರ್ಚ್ 29ರಿಂದ. ಯಾವಾಗಿನೊಳಗೆ ಎಂಬುದಕ್ಕೆ ಮೊದಲಿನ ದಿನ ಹಿಡಿಯಿರಿ: ಏಪ್ರಿಲ್ 20ರೊಳಗೆ. ಈ ಎರಡರ ನಡುವೆ ಯಾವತ್ತು ಹಾಕಿದರೂ ಅವಧಿಗೆ ಮುನ್ನ ಎನ್ನಲೂ ಆಗದು, ತಡವಾಯಿತು ಎನ್ನಲೂ ಆಗದು. ಲಕೋಟೆ ಹಿಂದಿರುಗುವುದು ತಿಂಗಳುಗಟ್ಟಲೆ ತಡವಾದರೆ ಈ ನಡುವಿನ ಜಾಗವೇ ಉಳಿಯುವುದಿಲ್ಲ. ಅದಕ್ಕೇ ಅಂಚೆಯ ಟ್ರ್ಯಾಕಿಂಗ್ ಪುಟವನ್ನು ಆಗಾಗ ನೋಡಿ ಪ್ರಿಂಟ್ ತೆಗೆದಿಡಬೇಕು. ದಿನ ಕಳೆದ ಮೇಲೆ ಹುಡುಕಿದರೆ ಅದು ಸಿಗುವುದೂ ಇಲ್ಲ, ಬಡಿದಾಡಿ ಪ್ರಯೋಜನವೂ ಇಲ್ಲ.

ಏಪ್ರಿಲ್ 20 ಭಾನುವಾರ. ಇದು ಕೋರ್ಟಿನಲ್ಲಿ ಮಾಡುವ ಕೆಲಸವಾದ್ದರಿಂದ ಸೋಮವಾರ, 21ಕ್ಕೆ ಹಾಕಿದರೂ ಅವಧಿಯೊಳಗೇ. ಆದರೆ ರಜೆ ಅವಧಿಯನ್ನು ಉದ್ದ ಮಾಡುವುದಿಲ್ಲ, ಬಾಗಿಲು ತೆರೆದ ದಿನ ಒಳಗೆ ಬರಲು ಬಿಡುತ್ತದೆ, ಅಷ್ಟೇ. ಮಂಗಳವಾರ ಹೋದರೆ ಭಾನುವಾರದ ಲಾಭವೂ ಹೋಯಿತು. ಆಗ ವಿಳಂಬ ಒಂದು ದಿನದ್ದಲ್ಲ, 20ರಿಂದ ಲೆಕ್ಕ ಹಾಕಿ ಎರಡು ದಿನದ್ದು. ಅದೇ ಕಾಯ್ದೆಯ 142ನೇ ಸೆಕ್ಷನ್ನಿನ ಪರಂತುಕದ ಕೆಳಗೆ ಈ ವಿಳಂಬವನ್ನು ಮನ್ನಿಸಬಹುದು, ದೂರಿನ ಜೊತೆಗೇ ಕಾರಣ ವಿವರಿಸುವ ಅರ್ಜಿ ಮತ್ತು ಅಫಿಡವಿಟ್ ಇರಬೇಕು. ಆ ಅಫಿಡವಿಟ್ಟಿನಲ್ಲಿ ಒಂದು ದಿನ ಎಂದು ಬರೆದು, ಉಳಿದ ಒಂದು ದಿನಕ್ಕೆ ಕಾರಣವನ್ನೇ ಕೊಡದ ಅರ್ಜಿಗಳು ಈಗಲೂ ಬರುತ್ತಿವೆ.