ಗುಡುಗಿನ ರಾತ್ರಿ ಗೇಟ್ ಕಥೆ: ನಾಲ್ಕನೇ ಕರಡಿನವರೆಗೆ

ಏಪ್ರಿಲ್ 21

ಹಗಲು ಗೇಟ್ ಮೋಟರ್ ಹಾಕೋದು, ರಿಪೇರಿ ಮಾಡೋದು. ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಕಥೆ. ಈ ಸಲ ಎರಡನ್ನೂ ಸೇರಿಸೋಣ ಅಂತ ಕೂತಿದ್ದೇನೆ. ಮೈಸೂರಿನ ಹೊರಗೆ ಒಂದು ಅಪಾರ್ಟ್‌ಮೆಂಟು, ರಾತ್ರಿ ಪಾಳಿಯ ವಾಚ್‌ಮನ್ ಶಿವಪ್ಪ, ರಾಯಚೂರು ಕಡೆಯವನು. ಭರಣಿ ಮಳೆ. ಗುಡುಗು ಶುರುವಾದ ಹತ್ತು ನಿಮಿಷಕ್ಕೆ ಐದು ಮೀಟರ್ ಉದ್ದದ ಸ್ಲೈಡಿಂಗ್ ಗೇಟು ತಾನಾಗೇ ತೆರೆದುಕೊಳ್ಳುತ್ತೆ. ಯಾರೂ ಇಲ್ಲ. ಅರ್ಧ ನಿಮಿಷ ಕರಕರ ಅಂತ ಸರಿದು ನಿಲ್ಲುತ್ತೆ.

ಮೊದಲ ಕರಡು ಒಂದೇ ರಾತ್ರಿಗೆ ಮುಗಿಯಿತು. ದೆವ್ವದ ಕಥೆ. ಬೆಳಿಗ್ಗೆ ಓದಿದರೆ ನನಗೇ ನಗು ಬಂತು. ಇಪ್ಪತ್ತು ವರ್ಷ ಗೇಟ್ ರಿಪೇರಿ ಮಾಡಿದವನು, ಗೇಟ್ ಯಾಕೆ ತೆರೆಯಿತು ಅಂತ ಹೇಳದೆ ತಪ್ಪಿಸಿಕೊಂಡರೆ ಹೇಗೆ?

ಏಪ್ರಿಲ್ 24

ಎರಡನೇ ಕರಡಿನಲ್ಲಿ ಕಾರಣ ಅಂತ ಫೋಟೊಸೆಲ್ ಇಟ್ಟೆ. ಗೇಟಿನ ಎರಡೂ ಕಡೆ ಕಂಬದಲ್ಲಿ ಇರುತ್ತಲ್ಲ, ಕಣ್ಣಿಗೆ ಕಾಣದ ಬೆಳಕು ಕಳಿಸುವ ಪುಟ್ಟ ಡಬ್ಬಿಗಳು, ಅವು. ಜೋರು ಮಳೆ ಬಂತು, ಬೆಳಕು ಅಡ್ಡಿಯಾಯಿತು, ಗೇಟು ತೆರೆಯಿತು. ಕೇಳೋಕೆ ಚೆನ್ನಾಗಿದೆ. ಆದರೆ ತಪ್ಪು.

ಫೋಟೊಸೆಲ್ ಕೆಲಸ ಏನು ಅಂದರೆ, ಗೇಟು ಮುಚ್ಚುತ್ತಾ ಇರುವಾಗ ಮಧ್ಯೆ ಯಾರಾದರೂ ಬಂದರೆ ವಾಪಸ್ ತೆರೆಸೋದು. ಪೂರ್ತಿ ಮುಚ್ಚಿ ನಿಂತ ಗೇಟನ್ನು ಅದು ಎಬ್ಬಿಸೋದಿಲ್ಲ. ಅದು ಕೆಟ್ಟರೆ ಜನ ಕೊಡುವ ಕಂಪ್ಲೇಂಟೇ ಬೇರೆ, "ಗೇಟ್ ಮುಚ್ತಾ ಇಲ್ಲ" ಅಂತಾರೆ. "ತಾನಾಗೇ ತೆರೀತಿದೆ" ಅಂದರೆ ಯಾರೋ ಅಥವಾ ಏನೋ ಮೋಟರ್ ನಡೆಸುವ ಬೋರ್ಡಿಗೆ ತೆರೆ ಅಂತ ಹೇಳುತ್ತಿದೆ ಅಂತ ಅರ್ಥ. ರಿಮೋಟ್, ಒಳಗಿಂದ ಹೋಗುವ ಕಾರಿಗೆ ನೆಲದಲ್ಲಿ ಹೂತಿಟ್ಟ ಲೂಪ್ ವೈರ್, ಇಲ್ಲಾಂದ್ರೆ ಗೋಡೆಯ ಸ್ವಿಚ್.

ಸಿಡಿಲೇ ನೇರ ಕಾರಣ ಅಂತಾನೂ ಯೋಚಿಸಿದೆ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಉದ್ದದ ವೈರಿನಲ್ಲಿ ಒಂದು ಕ್ಷಣ ವೋಲ್ಟೇಜ್ ಏರುತ್ತೆ, ಬೋರ್ಡು ಅದನ್ನೇ ಸ್ವಿಚ್ ಒತ್ತಿದ ಹಾಗೆ ತಿಳಿಯಬಹುದು. ಆಗೋದು ಉಂಟು. ಆದರೆ ಅದು ಮಿಂಚಿದ ಕ್ಷಣಕ್ಕೇ ಆಗಬೇಕು. ಇನ್ನೂ ಜೋರಾಗಿ ಬಂದರೆ ಬೋರ್ಡೇ ಸುಟ್ಟುಹೋಗುತ್ತೆ, ಆಮೇಲೆ ಗೇಟು ಅಲ್ಲಾಡೋದೂ ಇಲ್ಲ. ರಾತ್ರಿಯಿಡೀ ಬಿಟ್ಟು ಬಿಟ್ಟು ತೆರೆಯೋಕೆ ಇದು ಸಾಲದು.

ಏಪ್ರಿಲ್ 25

ನಿನ್ನೆ ಬರೆದದ್ದು ಓದುತ್ತಾ ಹಳೇ ಕೆಲಸ ಒಂದು ನೆನಪಾಯಿತು. ನೆನಪಾಯಿತು ಅಂತ ಸುಮ್ನೆ ಹೇಳಿದೆ, ಮರೆತೇ ಇರಲಿಲ್ಲ.

ಒಂದು ಅಪಾರ್ಟ್‌ಮೆಂಟಿನಿಂದ ಬೆಳಿಗ್ಗೆ ಏಳಕ್ಕೆ ಫೋನ್. ರಾತ್ರಿ ಮಳೆಯಲ್ಲಿ ಗೇಟು ಆರೇಳು ಸಲ ತೆರೆದಿದೆ. ವಾಚ್‌ಮನ್ ನಿದ್ದೆಗಣ್ಣಲ್ಲಿ ಒತ್ತಿದಾನೆ ಅಂತ ಕಮಿಟಿಯವರ ತೀರ್ಮಾನ. ನಾನು ಹೋಗಿ ಮೊದಲು ರಿಮೋಟ್‌ಗಳ ಮೆಮೊರಿ ಅಳಿಸಿ ಎಲ್ಲವನ್ನೂ ಹೊಸದಾಗಿ ಸೇರಿಸಿದೆ. ನಲವತ್ತು ಮನೆ. ಅರ್ಧ ದಿನ ಅದಕ್ಕೇ ಹೋಯಿತು. ಮಾರನೇ ರಾತ್ರಿ ಮಳೆ ಬಂತು, ಗೇಟು ಮತ್ತೆ ತೆರೆಯಿತು. ಬೋರ್ಡಿನ ಮುಚ್ಚಳ ತೆಗೆದು ಹತ್ತು ಸೆಕೆಂಡು ನೋಡಿದ್ದರೆ ಸಾಕಿತ್ತು. ಸ್ವಿಚ್ ವೈರ್ ಬರುವ ಜಾಗದ ಪಕ್ಕ ಒಂದು ಪುಟ್ಟ ಎಲ್‌ಇಡಿ ಇರುತ್ತೆ, ಒತ್ತಿದಾಗ ಮಾತ್ರ ಹೊತ್ತಬೇಕು. ಎರಡನೇ ದಿನ ನೋಡಿದರೆ ಅದು ಯಾರೂ ಒತ್ತದೆ ಮಿಣಿ ಮಿಣಿ ಅನ್ನುತ್ತಿತ್ತು.

ಸ್ವಿಚ್ ಡಬ್ಬಿ ಬಿಚ್ಚಿದೆ. ಮೇಲ್ಭಾಗದಿಂದ ವೈರ್ ಒಳಗೆ ಬಂದಿತ್ತು, ವೈರ್ ಹಿಡಿದುಕೊಂಡೇ ನೀರೂ ಇಳಿದಿತ್ತು. ಒಳಗೆ ಇರುವೆ ಗೂಡು, ಸಣ್ಣ ಮಣ್ಣು, ತಾಮ್ರದ ಮೇಲೆ ಹಸಿರು ಕಿಲುಬು. ಬರೀ ಮಳೆ ನೀರಿನಲ್ಲಿ ಕರೆಂಟು ಅಷ್ಟಾಗಿ ಹರಿಯೋದಿಲ್ಲ. ಆದರೆ ಈ ಮಣ್ಣು, ಕಿಲುಬು ಸೇರಿದ ಕೆಸರಿನಲ್ಲಿ ಹರಿಯುತ್ತೆ. ವೈರ್ ಬಿಡಿಸಿ ಸ್ವಿಚ್ಚಿನ ಎರಡು ತುದಿಗೆ ಮೀಟರ್ ಹಿಡಿದರೆ ನಾಲ್ಕು ಕಿಲೊ ಓಮ್ ಆಸುಪಾಸು ತೋರಿಸಿತು. ಒತ್ತದೆ ಇದ್ದಾಗ ಏನೂ ತೋರಿಸಬಾರದು. ಮೇಲಿನ ಮನೆಯವರ ಹತ್ತಿರ ಹೇರ್ ಡ್ರೈಯರ್ ಇಸ್ಕೊಂಡು ಐದು ನಿಮಿಷ ಒಣಗಿಸಿದೆ. ಮೀಟರ್ ಖಾಲಿ ಆಯಿತು, ವೈರ್ ಮತ್ತೆ ಜೋಡಿಸಿದರೂ ಎಲ್‌ಇಡಿ ಹೊತ್ತಲಿಲ್ಲ.

ಇನ್ನು ಮುಖ್ಯ ವಿಷಯ. ಆ ಸ್ವಿಚ್ ಮೊದಲು ಕ್ಯಾಬಿನ್ ಒಳಗೇ ಇತ್ತು. "ಕೂತಲ್ಲೇ ಒತ್ತಿದರೆ ನಿದ್ದೆ ಮಾಡ್ತಾನೆ, ಎದ್ದು ಬಂದು ಕಾರು ನೋಡಿ ಒತ್ತಲಿ" ಅಂತ ಕಮಿಟಿ ಹೇಳಿದ್ದಕ್ಕೆ ಹೊರಗಿನ ಕಂಬಕ್ಕೆ ಹಾಕಿದವನು ನಾನೇ. ಮನೆ ಒಳಗೆ ಹಾಕುವ ಮಾಮೂಲಿ ಡಬ್ಬಿ, ಮೇಲಿನಿಂದ ತೂತು.

ಮೂರನೇ ಕರಡಿಗೆ ಇದೇ ಕಾರಣ. ಹೊರಗೆ ಹಾಕಿದ ಸ್ವಿಚ್.

ಏಪ್ರಿಲ್ 29

ಕಾರಣ ಸಿಕ್ಕಿತು, ಕಥೆ ಸಿಗಲಿಲ್ಲ. ಶಿವಪ್ಪ ಎರಡೇ ನಿಮಿಷದಲ್ಲಿ ಸರಿ ಮಾಡಿಬಿಡುತ್ತಾನೆ. ಮೋಟರಿಗೆ ಒಂದು ಬಿಡುಗಡೆ ಕೀಲಿ ಇರುತ್ತೆ, ತಿರುಗಿಸಿದರೆ ಹಲ್ಲುಚಕ್ರ ಬಿಟ್ಟುಕೊಂಡು ಗೇಟನ್ನು ಕೈಯಲ್ಲೇ ತಳ್ಳಬಹುದು. ಹಾಗಾಗಿ ಕೀಲಿ ಅವನ ಹತ್ತಿರ ಇರಬಾರದು. "ಕಳೆದುಹಾಕ್ತಾನೆ" ಅಂತ ಸೆಕ್ರೆಟರಿ ಮನೆಯಲ್ಲಿದೆ, ಸೆಕ್ರೆಟರಿ ಮದುವೆಗೆ ಊರಿಗೆ ಹೋಗಿದಾರೆ. ಇದು ನಾನು ಕಟ್ಟಿದ್ದಲ್ಲ, ಹತ್ತರಲ್ಲಿ ಆರು ಕಡೆ ಹೀಗೇ. ಮೇನ್ ಸ್ವಿಚ್ ಆಫ್ ಮಾಡಿದರೂ ಮೋಟರ್ ಒಳಗಿನ ಬ್ಯಾಟರಿ ಮೇಲೆ ಗೇಟು ಓಡುತ್ತೆ.

ಮೂರನೇ ಕರಡಿನಲ್ಲಿ ಶಿವಪ್ಪ ಮಿಂಚು ಮಳೆಯಲ್ಲಿ ಗೇಟಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಬರೆಯುವಾಗ ಮೈ ಜುಂ ಅಂತು. ಆಮೇಲೆ ಅಳಿಸಿದೆ. ಅದು ಒದ್ದೆ ಕಬ್ಬಿಣ, ತೆರೆದ ಬಯಲು. ಇಪ್ಪತ್ತು ಮಳೆಗಾಲ ಹೊಲದಲ್ಲಿ ಕಳೆದ ರೈತನ ಮಗ ಹಾಗೆ ಮಾಡೋದಿಲ್ಲ. ಮಾಡಿಸಿದರೆ ಅದು ನನ್ನ ದಡ್ಡತನ, ಅವನದ್ದಲ್ಲ.

ಹಾಗಾದರೆ ಅವನು ಕ್ಯಾಬಿನ್ನಿನಲ್ಲೇ ಇರಬೇಕು, ಗೇಟು ತೆರೆಯೋದನ್ನ ನೋಡುತ್ತಾ. ಏನು ಮಾಡ್ತಾನೆ?

ಮೇ 2

ಉತ್ತರ ಅಮ್ಮ ಕೊಟ್ಟಳು. ಸಂಜೆ ಗುಡುಗಿತು, ಅಡುಗೆ ಮನೆಯಿಂದ "ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ..." ಅಂತ ಶುರು ಮಾಡಿದಳು. ನಾನು ಗಡಿಯಾರ ನೋಡಿದೆ. ನಿಧಾನವಾಗಿ ಹೇಳಿದರೆ ಒಂದು ಹೆಸರಿಗೆ ಒಂದು ಸೆಕೆಂಡು! ಧನಂಜಯ ಹೊತ್ತಿಗೆ ಹತ್ತು.

ಮಿಂಚಿದ ಮೇಲೆ ಶಬ್ದ ಒಂದು ಕಿಲೊಮೀಟರ್ ಬರೋಕೆ ಸುಮಾರು ಮೂರು ಸೆಕೆಂಡು. ಅಂದರೆ ಮಿಂಚಿನಿಂದ ಶುರು ಮಾಡಿ ಪಾರ್ಥ ಅನ್ನುವಾಗ ಗುಡುಗಿದರೆ ಸಿಡಿಲು ಒಂದು ಕಿಲೊಮೀಟರ್ ದೂರ. ಧನಂಜಯ ಅಂದರೆ ಮೂರು ಕಿಲೊಮೀಟರ್ ಚಿಲ್ಲರೆ. ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಒಳಗಿರಬೇಕು, ಕೊನೇ ಗುಡುಗಾದ ಮೇಲೂ ಅರ್ಧ ಗಂಟೆ ಹೊರಗೆ ಬರಬಾರದು ಅಂತ ಸುರಕ್ಷತೆಯವರು ಹೇಳೋದು. ಮೂವತ್ತು ಸೆಕೆಂಡು ಅಂದರೆ ಹತ್ತೂ ಹೆಸರು ಮೂರು ಸುತ್ತು. ಶಿವಪ್ಪನ ಅಜ್ಜಿ ಅವನಿಗೆ ಹೇಳಿಕೊಟ್ಟ ಲೆಕ್ಕ ಇದೇ ಇರಲಿ.

ಅವನ ಮುಂದೆ ಇರೋದು ಏನು? ಟಾರ್ಚು, ಫ್ಲಾಸ್ಕು, ಬರುವವರ ಹೋಗುವವರ ರಿಜಿಸ್ಟರ್. ಗೇಟು ತೆರೆದ ಹೊತ್ತು, ಆಗ ಗುಡುಗು ಯಾವ ಹೆಸರಿಗೆ ಬಂತು, ಎರಡನ್ನೂ ಅದರಲ್ಲೇ ಬರೆಯಲಿ.

ನಾಲ್ಕನೇ ಕರಡಿನಿಂದ ಒಂದು ತುಣುಕು:

"ಗಾಡಿ ನಂಬರ್ ಅನ್ನೋ ಕಾಲಂನಾಗ ಶಿವಪ್ಪ 'ಗೇಟ್' ಅಂತ ಬರೆದ. ಟೈಮು 1:05. ಹೆಸರಿನ ಕಾಲಂನಾಗ 'ಪಾರ್ಥ'. ಮುಂದ 1:20, 'ಶ್ವೇತವಾಹನ'. 1:31ಕ್ಕ ಗೇಟು ಸರೀತು. ಮಿಂಚಾ ಇರಲಿಲ್ಲ, ಏನಾ ಇರಲಿಲ್ಲ. ಪೆನ್ನು ಹಿಡಕೊಂಡು ಕೂತ. ಹೆಸರಿನ ಕಾಲಂ ಖಾಲಿ ಬಿಟ್ಟ."

ಆ ಖಾಲಿ ಕಾಲಂ ನನಗೆ ಬೇಕಾಗಿದ್ದ ಸುಳಿವು. ಸಿಡಿಲಿನಿಂದ ಆಗಿದ್ದರೆ ಪ್ರತಿ ಸಲ ಮಿಂಚು ಇರಬೇಕಿತ್ತು. ಗುಡುಗು ದೂರ ಹೋಗುತ್ತೆ, ಸವ್ಯಸಾಚಿ ಆಗುತ್ತೆ, ಎರಡನೇ ಸುತ್ತಾಗುತ್ತೆ, ಕೊನೆಗೆ ಮೂರು ಸುತ್ತಾದರೂ ಕೇಳಿಸೋದಿಲ್ಲ. ಮಳೆ ಮಾತ್ರ ಸಣ್ಣಗೆ ಹುಯ್ಯುತ್ತಿದೆ. ಗೇಟು ಇನ್ನೂ ತೆರೀತಿದೆ, ಅದೂ ಮೊದಲಿಗಿಂತ ಜಾಸ್ತಿ. ಒಮ್ಮೆ ಅರ್ಧಕ್ಕೆ ನಿಲ್ಲುತ್ತೆ, ಮತ್ತೆ ಮುಚ್ಚಿಕೊಳ್ಳುತ್ತೆ. ಇದು ನಿಜಕ್ಕೂ ಹೀಗೇ ಆಗುತ್ತೆ. ಬಹಳ ಬೋರ್ಡುಗಳಲ್ಲಿ ಒಂದೇ ಸ್ವಿಚ್ಚು ಒತ್ತಿದಷ್ಟು ಸಲ ತೆರೆ, ನಿಲ್ಲು, ಮುಚ್ಚು, ನಿಲ್ಲು ಅಂತ ಸುತ್ತುತ್ತೆ. ಒಳಗೆ ನೀರು ಒಂದು ಕ್ಷಣ ತಾಗಿ ಬಿಟ್ಟು ಮಾಡಿದರೆ ಗೇಟಿಗೆ ಹುಚ್ಚು ಹಿಡಿದ ಹಾಗೆ ಕಾಣುತ್ತೆ.

ಗುಡುಗಿನ ಲೆಕ್ಕ ಮುಗಿದು ಅರ್ಧ ಗಂಟೆ ಕಾದು, ಮೂರು ಗಂಟೆಗೆ ಶಿವಪ್ಪ ಹೊರಗೆ ಬರುತ್ತಾನೆ. ಗೇಟಿನ ಹತ್ತಿರ ಹೋಗೋದಿಲ್ಲ, ಕಂಬದ ಹತ್ತಿರ ಹೋಗುತ್ತಾನೆ. ಸ್ವಿಚ್ ಡಬ್ಬಿಯ ಕೆಳಗಿನ ಅಂಚಿನಿಂದ ಹನಿ ತೊಟ್ಟಿಕ್ಕುತ್ತಿದೆ, ಹನಿಗೆ ಇರುವೆ ಅಂಟಿದೆ. ಮಳೆ ನೀರಿನಲ್ಲಿ ಇರುವೆ ಎಲ್ಲಿಂದ ಬಂತು? ಒಂದು ರೂಪಾಯಿ ನಾಣ್ಯದಿಂದ ಸ್ಕ್ರೂ ತಿರುಗಿಸಿ, ಒಂದು ವೈರ್ ಎಳೆದು ಬಿಡಿಸುತ್ತಾನೆ. ಅಲ್ಲಿ ಬರೋದು 24 ವೋಲ್ಟು, ಜೀವಕ್ಕೆ ಅಪಾಯ ಇಲ್ಲ. ಅವನಿಗೆ ಅದು ಗೊತ್ತಿಲ್ಲ, ಟವೆಲ್ ಸುತ್ತಿಕೊಂಡು ಎಳೆಯುತ್ತಾನೆ. ಆ ಟವೆಲ್ ಇರಲಿ ಅಂತ ಬಿಟ್ಟಿದ್ದೇನೆ.

ಮೇ 6

ಸಿಂಧನೂರಿನ ಗೆಳೆಯನಿಗೆ ಓದಲು ಕೊಟ್ಟಿದ್ದೆ. ಬೆಳಿಗ್ಗೆ ಕಮಿಟಿಯವರ ಮುಂದೆ ಶಿವಪ್ಪ ಆಡುವ ಮಾತನ್ನು ಅವನು ಪೂರ್ತಿ ತಿದ್ದಿದ. ನಾನು ಉದ್ದಕ್ಕೆ ಬರೆದಿದ್ದೆ. ಈಗ ಇಷ್ಟೇ ಇದೆ: "ನಾ ಒತ್ತಿಲ್ರೀ ಸಾಹೇಬ್ರ. ಬುಕ್ಕಿನಾಗ ಬರದೀನಿ, ನೋಡ್ರಿ."

ಅವರು ನೋಡೋದಿಲ್ಲ, ರಿಪೇರಿಯವನನ್ನು ಕರೆಯುತ್ತಾರೆ. ಕಥೆಯಲ್ಲಿ ನಾನು ಬರೋದು ಅಲ್ಲಿ, ಕೊನೇ ಪುಟದಲ್ಲಿ, ಬೈಕಿನಿಂದ ಇಳಿದು. ಡಬ್ಬಿ ಯಾರು ಹಾಕಿದ್ದು ಅಂತ ಯಾರೂ ಕೇಳೋದಿಲ್ಲ, ರಿಪೇರಿಯವನೂ ಹೇಳೋದಿಲ್ಲ. ಈ ಸಲ ತೂತು ಕೆಳಗಿನಿಂದ ಕೊರೆಯುತ್ತಾನೆ, ವೈರನ್ನು ಡಬ್ಬಿಗಿಂತ ಕೆಳಕ್ಕೆ ಬಾಗಿಸಿ ಮೇಲೆ ತರುತ್ತಾನೆ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗಲಿ ಅಂತ. ಸ್ವಿಚ್ ಒಳಗೆ ಹಾಕೋಣ್ವಾ ಅಂತ ಕೇಳಬೇಕೋ ಬೇಡವೋ, ಇನ್ನೂ ತೀರ್ಮಾನ ಆಗಿಲ್ಲ. ನಿಜವಾಗಿ ನಾನು ಕೇಳಿರಲಿಲ್ಲ.

ಕೊನೆ ಸಾಲು ಮಾತ್ರ ಸಿಕ್ಕಿದೆ. ರಿಪೇರಿಯವನು ಸಹಿ ಹಾಕೋಕೆ ರಿಜಿಸ್ಟರ್ ತೆಗೆಯುತ್ತಾನೆ, ಕೊನೇ ನಮೂದು ಕಣ್ಣಿಗೆ ಬೀಳುತ್ತೆ: "3:40. ಗೇಟ್ ತೆಗೀಲಿಲ್ಲ."