ಅಮ್ನೋನನ ಅಗಾಪೆ

"ಗ್ರೀಕ್‌ನಲ್ಲಿ ಎರೋಸ್ ಅಂದ್ರೆ ಕಾಮ, ಫಿಲಿಯಾ ಅಂದ್ರೆ ಸ್ನೇಹ, ಅಗಾಪೆ ಅಂದ್ರೆ ನಿಸ್ವಾರ್ಥವಾದ ದೈವಿಕ ಪ್ರೀತಿ ಅಂತಾರಲ್ಲ, ನಿಜಾನಾ?"

ಅರ್ಧ ನಿಜ. ಮೊದಲು ಅಗಾಪೆಯನ್ನೇ ನೋಡೋಣ, ಏಕೆಂದರೆ ಹೆಚ್ಚು ಎಡವಟ್ಟಾಗಿರುವುದು ಅಲ್ಲೇ.

ಹೀಬ್ರೂ ಧರ್ಮಗ್ರಂಥವನ್ನು ಯೆಹೂದ್ಯರು ಕ್ರಿಸ್ತಪೂರ್ವದಲ್ಲೇ ಗ್ರೀಕ್‌ಗೆ ತಂದಿದ್ದರು. ಅದರ ಹೆಸರು ಸೆಪ್ಟುಅಜಿಂಟ್. ಅದರಲ್ಲಿ ಎರಡನೆಯ ಸಮುವೇಲ ಪುಸ್ತಕದ 13ನೇ ಅಧ್ಯಾಯ ತೆಗೆಯಿರಿ. ದಾವೀದನ ಮಗ ಅಮ್ನೋನನಿಗೆ ಮಲತಂಗಿ ತಾಮಾರಳ ಮೇಲೆ ಮನಸ್ಸಾಗುತ್ತದೆ. ಕಾಯಿಲೆಯ ನೆಪ ಹೂಡಿ ಮಲಗುತ್ತಾನೆ, ಅವಳ ಕೈಯಡುಗೆಯೇ ಬೇಕೆಂದು ಕರೆಸುತ್ತಾನೆ, ಎಲ್ಲರನ್ನೂ ಹೊರಗೆ ಕಳಿಸಿ ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಆಮೇಲೆ ಅವಳನ್ನು ಕಂಡರಾಗದೆ ಆಚೆ ತಳ್ಳಿಸಿ ಬಾಗಿಲು ಹಾಕಿಸುತ್ತಾನೆ. ಮೊದಲಿದ್ದ ಪ್ರೀತಿಗಿಂತ ಈಗಿನ ದ್ವೇಷವೇ ದೊಡ್ಡದಾಯಿತು ಎನ್ನುತ್ತದೆ 15ನೇ ವಚನ. ಆ ಪ್ರೀತಿಗೆ ಅನುವಾದಕರು ಹಾಕಿದ ಪದ ಅಗಾಪೆ!

ಗ್ರೀಕ್‌ನಲ್ಲೇ ಬರೆದ ಕ್ರೈಸ್ತರ ಹೊಸ ಒಡಂಬಡಿಕೆಯಲ್ಲೂ ಇದರ ಕ್ರಿಯಾಪದ ಯಾವ ಮಡಿಯನ್ನೂ ಪಾಲಿಸುವುದಿಲ್ಲ. ಯೆಹೂದ್ಯರ ಒಂದು ಧಾರ್ಮಿಕ ಪಂಗಡವಾದ ಫರಿಸಾಯರು ಸಭಾಮಂದಿರದ ಮುಂದಿನ ಪೀಠಗಳನ್ನು ಪ್ರೀತಿಸುತ್ತಾರೆ, ಜನ ಬೆಳಕಿಗಿಂತ ಕತ್ತಲೆಯನ್ನು ಪ್ರೀತಿಸಿದರು, ಜೊತೆಗಾರ ದೇಮನು ಇಹಲೋಕವನ್ನು ಪ್ರೀತಿಸಿ ಅಪೊಸ್ತಲ ಪೌಲನನ್ನು ಬಿಟ್ಟುಹೋದ. ಮೂರೂ ಕಡೆ ಇರುವುದು ಅಗಪಾನ್. ಆ ಕಾಲದ ಗ್ರೀಕರಿಗೆ ಅದು ಪ್ರೀತಿಸು ಎನ್ನುವುದಕ್ಕೆ ಬಳಕೆಯಲ್ಲಿದ್ದ ಸಾಧಾರಣ ಮಾತು.

ಇಷ್ಟು ಹೇಳಿದ ಮೇಲೆ ಯಾರಾದರೂ ಯೋಹಾನನ ಸುವಾರ್ತೆಯ 21ನೇ ಅಧ್ಯಾಯ ತೆಗೆದೇ ತೆಗೆಯುತ್ತಾರೆ. ಯೇಸು ತನ್ನ ಶಿಷ್ಯ ಪೇತ್ರನನ್ನು ಮೂರು ಸಲ "ನನ್ನನ್ನು ಪ್ರೀತಿಸುತ್ತೀಯಾ" ಎಂದು ಕೇಳುವ ಪ್ರಸಂಗ. ಮೊದಲೆರಡು ಸಲ ಯೇಸು ಬಳಸುವುದು ಅಗಪಾನ್. ಪೇತ್ರ ಪ್ರತಿ ಸಲವೂ ಉತ್ತರಿಸುವುದು ಫಿಲಿಯಾಗೆ ಹೊಂದುವ ಕ್ರಿಯಾಪದ ಫಿಲೇನ್‌ನಲ್ಲಿ. ಮೂರನೇ ಸಲ ಯೇಸುವೂ ಫಿಲೇನ್ ಎನ್ನುತ್ತಾನೆ. ಪೇತ್ರನಿಗೆ ಮೇಲ್ಮಟ್ಟದ ಪ್ರೀತಿ ಒದಗಲಿಲ್ಲ, ಯೇಸುವೇ ಅವನ ಮಟ್ಟಕ್ಕೆ ಇಳಿದ ಎಂಬ ಬೋಧನೆ ಬಹಳ ಕಡೆ ಕೇಳಿಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಅದೇ ಮೂರು ವಚನಗಳಲ್ಲಿ ಯೋಹಾನ 'ಮೇಯಿಸು' ಎನ್ನಲು ಎರಡು ಕ್ರಿಯಾಪದ, ಮಂದೆಗೆ ಎರಡು ಪದ, 'ಬಲ್ಲೆ' ಎನ್ನಲೂ ಎರಡು ಪದ ಬಳಸುತ್ತಾನೆ. ಪದ ಬದಲಿಸುತ್ತಾ ಹೋಗುವುದು ಅವನ ಶೈಲಿ. ತಂದೆ ಮಗನನ್ನು ಪ್ರೀತಿಸುತ್ತಾನೆ ಎನ್ನುವಾಗ 3ನೇ ಅಧ್ಯಾಯದಲ್ಲಿ ಅಗಪಾನ್ ಇದ್ದರೆ 5ರಲ್ಲಿ ಫಿಲೇನ್ ಇದೆ. ದೇವರ ಪ್ರೀತಿಯನ್ನು ಕೆಳದರ್ಜೆಯದು ಎನ್ನಲು ಯಾವ ಬೋಧಕರೂ ಒಪ್ಪಲಾರರು. ಪೇತ್ರ ನೊಂದದ್ದು ಏಕೆಂಬುದನ್ನೂ ಯೋಹಾನನೇ ಹೇಳಿದ್ದಾನೆ: ಮೂರನೇ ಸಲವೂ ಕೇಳಿದ್ದಕ್ಕೆ. ಯೇಸುವನ್ನು ಹಿಡಿದೊಯ್ದ ರಾತ್ರಿ ಮೂರು ಸಲ "ಅವನನ್ನು ಅರಿಯೆ" ಎಂದವನಿಗೆ ಆ ಲೆಕ್ಕ ಚುಚ್ಚದೆ ಇರುತ್ತದೆಯೇ?

ಫಿಲಿಯಾವನ್ನು ಬರೀ ಸ್ನೇಹ ಎಂದು ಮುಗಿಸುವಂತಿಲ್ಲ. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಎರಡು ಇಡೀ ಭಾಗಗಳನ್ನು ಅದಕ್ಕೇ ಮೀಸಲಿಟ್ಟಿದ್ದಾನೆ. ಒಂದೇ ಹಡಗಿನಲ್ಲಿ ಪ್ರಯಾಣ ಮಾಡುವವರ ನಡುವೆಯೂ ಫಿಲಿಯಾ, ಜೊತೆಗೂಡಿ ಯುದ್ಧಕ್ಕೆ ಹೋದವರ ನಡುವೆಯೂ ಫಿಲಿಯಾ. ದ್ರಾಕ್ಷಾರಸದ ಮೇಲೆ ಮಾತ್ರ ಫಿಲಿಯಾ ಇರಲಾರದಂತೆ, ಅದು ತಿರುಗಿ ಪ್ರೀತಿಸುವುದಿಲ್ಲ. ಅದಕ್ಕೆ ಒಳ್ಳೆಯದಾಗಲಿ ಎಂದು ಬಯಸಿದರೂ ಕೆಡದೆ ಉಳಿದು ತನ್ನ ಹೊಟ್ಟೆ ಸೇರಲಿ ಎಂದಷ್ಟೇ. ಇನ್ನೊಂದು ಉದಾಹರಣೆ ನನಗೆ ಬಹಳ ಮುಖ್ಯ. ಕೆಲವು ತಾಯಂದಿರು ಮಗುವನ್ನು ಸಾಕಲು ಬೇರೆಯವರಿಗೆ ಕೊಟ್ಟಿರುತ್ತಾರೆ. ತಾಯಿ ಯಾರೆಂದೇ ಮಗುವಿಗೆ ಗೊತ್ತಿರದು, ಹಾಗಾಗಿ ಸಲ್ಲಬೇಕಾದದ್ದು ಏನೂ ಅವಳಿಗೆ ಸಲ್ಲುವುದಿಲ್ಲ. ಮಗು ಚೆನ್ನಾಗಿರುವುದನ್ನು ಕಂಡರೆ ಸಾಕು, ಅವಳು ಪ್ರೀತಿಸುತ್ತಲೇ ಇರುತ್ತಾಳೆ. ನಾವು ಅಗಾಪೆಗೆ ಬರೆದುಕೊಟ್ಟ ಪ್ರೀತಿ ಇದು. ಅರಿಸ್ಟಾಟಲ್ ಇಟ್ಟಿರುವುದು ಫಿಲಿಯಾದ ಅಡಿಯಲ್ಲಿ.

ಎರೋಸ್ ದೇಹದ ಹಂಬಲದಿಂದ ಶುರುವಾಗುವುದು ಹೌದು, ಅಲ್ಲೇ ನಿಲ್ಲಬೇಕಿಲ್ಲ. ಪ್ಲೇಟೋನ 'ಸಿಂಪೋಸಿಯಂ' ಎಂಬ ಸಂವಾದದಲ್ಲಿ ದಿಯೋತಿಮಾ ಎಂಬ ಜ್ಞಾನಿ ಹೆಂಗಸು ಹೇಳುವಂತೆ ಅದು ತನ್ನಲ್ಲಿಲ್ಲದ್ದಕ್ಕಾಗಿ ಹಾತೊರೆಯುವುದು. ಒಂದು ಚೆಲುವಾದ ದೇಹ, ಬಳಿಕ ಎಲ್ಲ ಚೆಲುವಾದ ದೇಹಗಳು, ಮನಸ್ಸಿನ ಚೆಲುವು, ಅರಿವಿನ ಚೆಲುವು, ಕೊನೆಗೆ ಚೆಲುವೆಂಬುದೇ. ಹೊಸ ಒಡಂಬಡಿಕೆಯಲ್ಲಿ ಈ ಪದ ಒಮ್ಮೆಯೂ ಬರುವುದಿಲ್ಲ.

ಹಾಗಾದರೆ ಅಗಾಪೆಗೆ ಆ ದೊಡ್ಡ ಅರ್ಥ ಬಂದದ್ದು ಎಲ್ಲಿಂದ? ಬಳಸಿದವರಿಂದ. ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತ ಸಭೆಯಲ್ಲಿ ಗುಂಪುಗಾರಿಕೆ ಇತ್ತು, ಒಬ್ಬರ ಮೇಲೊಬ್ಬರು ಕೋರ್ಟು ಹತ್ತಿದ್ದರು, ಒಟ್ಟಿಗೆ ಉಣ್ಣಬೇಕಾದ ಊಟದಲ್ಲಿ ಒಬ್ಬ ಹಸಿದು ಕೂತರೆ ಇನ್ನೊಬ್ಬ ಕುಡಿದು ಮತ್ತೇರಿಸಿಕೊಂಡಿದ್ದ. ಅವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯದಲ್ಲಿ ಪೌಲ ಅಗಾಪೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಕ್ರಿಯಾಪದದ ಮೇಲೆ ಕ್ರಿಯಾಪದ ಜೋಡಿಸುತ್ತಾನೆ: ತಾಳಿಕೊಳ್ಳುತ್ತದೆ, ಹೊಟ್ಟೆಕಿಚ್ಚು ಪಡುವುದಿಲ್ಲ, ಜಂಬ ಕೊಚ್ಚುವುದಿಲ್ಲ, ಆದ ಅಪಕಾರದ ಲೆಕ್ಕ ಇಡುವುದಿಲ್ಲ. ಒಂದೊಂದೂ ಆ ಸಭೆಯ ಜಗಳಕ್ಕೆ ನೇರವಾಗಿ ತಾಗುವ ಮಾತು. ಮುಂದೆ ಕ್ರೈಸ್ತರು ಒಟ್ಟಿಗೆ ಕೂತು ಉಣ್ಣುವ ಊಟಕ್ಕೂ ಇದೇ ಹೆಸರು ಬಂತು. ಹೊಸ ಒಡಂಬಡಿಕೆಯಲ್ಲಿರುವ ಯೂದನ ಪುಟ್ಟ ಪತ್ರದಲ್ಲಿ ಅದು ಬಹುವಚನದಲ್ಲಿದೆ, "ನಿಮ್ಮ ಅಗಾಪೆಗಳಲ್ಲಿ" ಎಂದು. ಅಲ್ಲೂ ಅವನು ಬೈಯುತ್ತಿರುವುದು ಕೂಟಕ್ಕೆ ಬಂದು ನಾಚಿಕೆಯಿಲ್ಲದೆ ತಮ್ಮ ಹೊಟ್ಟೆ ಮಾತ್ರ ತುಂಬಿಸಿಕೊಳ್ಳುವವರನ್ನು.